ರೆಸ್ಯೂಮೆ ತಿದ್ದುವಾಗ ಯಾವುದು ಮೊದಲು, ಯಾವುದು ಆಮೇಲೆ

"ಸ್ವಲ್ಪ ನನ್ನ ರೆಸ್ಯೂಮೆ ನೋಡಿ ಹೇಳ್ತೀರಾ?" ಎಂದು ಪರಿಚಯದವರು ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಸ್ಪೆಲ್ಲಿಂಗ್ ತಪ್ಪನ್ನು. ಆಮೇಲೆ ಫಾಂಟು, ಫೋಟೊ, ಅಂಚು. ಕೊನೆಗೆ ಇಪ್ಪತ್ತು ಸಲಹೆಗಳ ಪಟ್ಟಿ ಒಂದೇ ತೂಕದಲ್ಲಿ ಹೋಗುತ್ತದೆ. ಪಡೆದವರು ಅದರಲ್ಲಿ ಸುಲಭವಾದ ಹದಿನೈದನ್ನು ಒಂದು ಸಂಜೆಯಲ್ಲಿ ಸರಿಮಾಡಿ, ಕೂತು ಯೋಚಿಸಬೇಕಾದ ಐದನ್ನು ಹಾಗೇ ಬಿಡುತ್ತಾರೆ. ಇಂಟರ್‌ವ್ಯೂ ಕರೆ ಬರುತ್ತದೋ ಇಲ್ಲವೋ ಎಂಬುದು ಆ ಐದರ ಮೇಲೆಯೇ ನಿಂತಿರುತ್ತದೆ.

ಹಾಗಾಗಿ ತಪ್ಪು ಹುಡುಕುವುದಕ್ಕಿಂತ ಅವನ್ನು ಸರಿಯಾದ ಸಾಲಿನಲ್ಲಿ ನಿಲ್ಲಿಸುವುದೇ ಹೆಚ್ಚಿನ ಕೆಲಸ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಉದಾಹರಣೆ ನಾನೇ ಕಟ್ಟಿಕೊಂಡದ್ದು. ಆದರೆ ಇಂಥ ರೆಸ್ಯೂಮೆಯನ್ನು ನೀವು ಖಂಡಿತ ನೋಡಿರುತ್ತೀರಿ.

ದಾವಣಗೆರೆಯ ಒಬ್ಬ ಯುವತಿ. 2020ರಲ್ಲಿ ಬಿ.ಕಾಂ ಮುಗಿಸಿದ್ದಾಳೆ. 2022ರಿಂದ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್. ಈಗ ಬೆಂಗಳೂರಿನ ಪೀಣ್ಯದ ಕಡೆ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದಾಳೆ.

ರೆಸ್ಯೂಮೆ ತೆರೆಯುವ ಮೊದಲು ಜಾಹೀರಾತು ಓದಿ

ಮೊದಲು ರೆಸ್ಯೂಮೆ ಓದಿಬಿಟ್ಟರೆ ಅದರಲ್ಲಿ ಇರುವುದನ್ನೇ ತಿದ್ದುತ್ತಾ ಕೂರುತ್ತೀರಿ. ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಯಾವ ಕೆಲಸಕ್ಕೆ ಎಂದು ಕೇಳಿದಾಗ "ಯಾವುದಾದ್ರೂ ಅಕೌಂಟ್ಸ್ ಕೆಲಸ" ಎಂಬ ಉತ್ತರ ಬಂದರೆ, ಅವರೇ ಅರ್ಜಿ ಹಾಕಲು ಇಷ್ಟಪಡುವ ಒಂದು ಜಾಹೀರಾತನ್ನು ಕಳಿಸಲು ಹೇಳಿ. ಅದಿಲ್ಲದೆ ಯಾವ ಸಲಹೆ ಮುಖ್ಯ, ಯಾವುದಲ್ಲ ಎಂದು ಹೇಳಲು ಅಳತೆಗೋಲೇ ಇರುವುದಿಲ್ಲ.

ನಮ್ಮ ಉದಾಹರಣೆಯ ಜಾಹೀರಾತು ಕೇಳುವುದು ಇಷ್ಟು: ಬಿ.ಕಾಂ, ಎರಡರಿಂದ ನಾಲ್ಕು ವರ್ಷ ಅನುಭವ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್ ಮತ್ತು 2ಬಿ ತಾಳೆ, ಟಿಡಿಎಸ್, ಬ್ಯಾಂಕ್ ತಾಳೆ, ಸಪ್ಲೈಯರ್‌ಗಳಿಗೆ ಪಾವತಿ, ಎಕ್ಸೆಲ್‌ನಲ್ಲಿ ವಿಲುಕಪ್, ಪಿವೋಟ್ ಟೇಬಲ್. ಕೊನೆಯಲ್ಲಿ, ಸ್ಯಾಪ್ ಸಾಫ್ಟ್‌ವೇರ್ ಗೊತ್ತಿದ್ದರೆ ಒಳ್ಳೆಯದು.

ಇವೆಲ್ಲ ಸಮಾನ ಅಲ್ಲ. ಯಾವುದು ಗಟ್ಟಿ, ಯಾವುದು ಸಡಿಲ ಎಂಬುದು ಜಾಹೀರಾತಿನ ಭಾಷೆಯಲ್ಲೇ ಸಿಗುತ್ತದೆ. "ಕಡ್ಡಾಯ" ಎಂದಿರುವುದು, ಒಂದಕ್ಕಿಂತ ಹೆಚ್ಚು ಕಡೆ ಬಂದಿರುವುದು, ಬರಿಯ ಹೆಸರಿನ ಬದಲು ಕೆಲಸದ ವಿವರವೇ ಕೊಟ್ಟಿರುವುದು ಗಟ್ಟಿ. "ಇದ್ದರೆ ಒಳ್ಳೆಯದು" ಎಂದಿರುವುದು ಸಡಿಲ. ಇಲ್ಲಿ "ಜಿಎಸ್‌ಟಿ" ಎಂದಷ್ಟೇ ಬರೆಯದೆ 2ಬಿ ತಾಳೆ ಎಂದು ಬಿಡಿಸಿ ಬರೆದಿದ್ದಾರೆ. ಅದಕ್ಕೆ ಕಾರಣ ಇದೆ. ಸಪ್ಲೈಯರ್ ತನ್ನ ರಿಟರ್ನಿನಲ್ಲಿ ತೋರಿಸಿ, ಆ ಬಿಲ್ಲು ಖರೀದಿದಾರನ ಜಿಎಸ್‌ಟಿಆರ್-2ಬಿ ಎಂಬ ಖರೀದಿ ಪಟ್ಟಿಯಲ್ಲಿ ಬಂದರೆ ಮಾತ್ರ ಅದರ ತೆರಿಗೆಯ ಕ್ರೆಡಿಟ್ ಸಿಗುತ್ತದೆ ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ತಿಂಗಳಿಗೆ ನೂರಾರು ಖರೀದಿ ಬಿಲ್ಲು ಬರುವ ಕಾರ್ಖಾನೆಗೆ ಇದು ನೇರವಾಗಿ ದುಡ್ಡಿನ ಮಾತು. 14ನೇ ತಾರೀಕಿಗೆ 2ಬಿ ಬಂದ ಮೇಲೆ 20ನೇ ತಾರೀಕಿಗೆ 3ಬಿ ರಿಟರ್ನ್ ಸಲ್ಲಿಸುವುದರೊಳಗೆ ಕೂತು ತಾಳೆ ನೋಡಿ, ಬಿಟ್ಟುಹೋದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನ್ ಮಾಡುವವರು ಅವರಿಗೆ ಬೇಕು. ಜಾಹೀರಾತಿನ ಯಾವ ಸಾಲಿನ ಹಿಂದೆ ಕಂಪನಿಯ ಯಾವ ತಲೆನೋವಿದೆ ಎಂದು ಹೀಗೆ ಊಹಿಸಿಕೊಂಡರೆ, ಮುಂದೆ ಸಲಹೆಗಳ ಸಾಲು ಹಾಕುವುದು ಅರ್ಧ ಮುಗಿದಂತೆ.

ಈಗ ರೆಸ್ಯೂಮೆ, ಎರಡು ಓದಿನಲ್ಲಿ

ಮೊದಲ ಓದು ಬೇಗ ಮುಗಿಯಲಿ. ಫೋನಿನಲ್ಲೇ ಮೇಲಿಂದ ಕೆಳಗೆ ಒಮ್ಮೆ ಓದಿ, ಮುಚ್ಚಿಟ್ಟು, "ಇವರು ಏನು ಕೆಲಸ ಮಾಡಿದವರು?" ಎಂಬುದಕ್ಕೆ ಒಂದು ವಾಕ್ಯ ಬರೆಯಿರಿ. ನೂರಾರು ಅರ್ಜಿ ಬಂದ ದಿನ ಎಚ್‌ಆರ್ ಓದುವುದೂ ಹೆಚ್ಚುಕಡಿಮೆ ಹೀಗೆಯೇ.

ನಮ್ಮ ಅಭ್ಯರ್ಥಿಯ ರೆಸ್ಯೂಮೆ ಹೀಗಿದೆ. ಮೇಲೆ ಫೋಟೊ. ಅದರ ಕೆಳಗೆ "ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವುದು" ಎಂಬರ್ಥದ ನಾಲ್ಕು ಸಾಲಿನ ಆಬ್ಜೆಕ್ಟಿವ್. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂವರೆಗಿನ ಅಂಕಗಳ ಟೇಬಲ್. ಕಂಪ್ಯೂಟರ್ ಜ್ಞಾನ: ಟ್ಯಾಲಿ ಇಆರ್‌ಪಿ 9, ಎಂಎಸ್ ಆಫೀಸ್, ಇಂಟರ್ನೆಟ್. ಅನುಭವ ಶುರುವಾಗುವುದು ಮೊದಲ ಪುಟದ ತಳದಲ್ಲಿ, ಅದೂ ಎರಡೇ ಸಾಲು: "ಜಿಎಸ್‌ಟಿ ಕೆಲಸಗಳು, ಟ್ಯಾಲಿ ಎಂಟ್ರಿ ಮತ್ತು ಹಿರಿಯರು ಹೇಳಿದ ಇತರ ಕೆಲಸಗಳು". ಎರಡನೇ ಪುಟದಲ್ಲಿ ಹವ್ಯಾಸ, ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಪೂರ್ತಿ ವಿಳಾಸ, "ಮೇಲಿನ ವಿವರಗಳೆಲ್ಲ ಸತ್ಯ" ಎಂಬ ಘೋಷಣೆ, ಸಹಿ. ಸ್ಪೆಲ್ಲಿಂಗ್ ತಪ್ಪು ಎರಡು.

ನನ್ನ ಒಂದು ವಾಕ್ಯ: "ಬಿ.ಕಾಂ ಓದಿದ, ಟ್ಯಾಲಿ ಎಂಟ್ರಿ ಮಾಡುವ ಹುಡುಗಿ." ಮೂರು ವರ್ಷಕ್ಕೂ ಮೀರಿದ ಅನುಭವ ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ವಿಮರ್ಶೆಯ ಮುಖ್ಯ ಮಾತು ಅಲ್ಲೇ ಸಿಕ್ಕಿತು.

ಎರಡನೇ ಓದು ನಿಧಾನ. ಜಾಹೀರಾತು ಕೇಳುವ ಒಂದೊಂದನ್ನೂ ಹಿಡಿದು ರೆಸ್ಯೂಮೆಯಲ್ಲಿ ಹುಡುಕಿ, ಪಕ್ಕದಲ್ಲಿ ನಾಲ್ಕರಲ್ಲೊಂದು ಗುರುತು ಹಾಕಿ: ಸ್ಪಷ್ಟವಾಗಿದೆ, ಇದೆ ಆದರೆ ಹೂತುಹೋಗಿದೆ, ಬರೆದಿಲ್ಲ ಆದರೆ ಮಾಡಿರಬಹುದು, ನಿಜಕ್ಕೂ ಇಲ್ಲ. ರೆಸ್ಯೂಮೆ ತಿದ್ದಿ ಗೆಲ್ಲಬಹುದಾದದ್ದೆಲ್ಲ ನಡುವಿನ ಎರಡರಲ್ಲಿ ಇರುತ್ತದೆ. ನಾಲ್ಕನೆಯದಕ್ಕೆ ಬರವಣಿಗೆಯಲ್ಲಿ ಮದ್ದಿಲ್ಲ, ಅದಕ್ಕೆ ಕಲಿಕೆಯೇ ಬೇಕು. ಅಲ್ಲಿ ಶಬ್ದ ಸೇರಿಸಿ ತೇಪೆ ಹಾಕಲು ಹೋದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ತಿದ್ದುವ ಮುಂಚೆ ಕೇಳಬೇಕು

"ಮಾಡಿರಬಹುದು" ಎಂದು ಗುರುತು ಹಾಕಿದ್ದನ್ನು ಫೋನ್ ಮಾಡಿ ಕೇಳದೆ ಸಲಹೆ ಬರೆಯಬೇಡಿ. ಹೀಗೆ ಕೇಳದೆ ಬಿಡುವುದೇ ಹೆಚ್ಚಿನ ವಿಮರ್ಶೆಗಳ ದೊಡ್ಡ ಕೊರತೆ ಎಂದು ನನ್ನ ಅನಿಸಿಕೆ. "ಏನೇನು ಕೆಲಸ ಮಾಡ್ತೀರಿ?" ಎಂದರೆ ರೆಸ್ಯೂಮೆಯಲ್ಲಿದ್ದ ಉತ್ತರವೇ ಮತ್ತೆ ಬರುತ್ತದೆ. ಬದಲಿಗೆ ಒಂದು ತಿಂಗಳನ್ನು ತಾರೀಕಿನ ಪ್ರಕಾರ ಹೇಳಿಸಿ.

"ಹತ್ತನೇ ತಾರೀಕಿನ ಹೊತ್ತಿಗೆ ನಿಮ್ಮ ಮೇಜಿನ ಮೇಲೆ ಏನಿರುತ್ತೆ?"

"11ಕ್ಕೆ ಜಿಎಸ್‌ಟಿಆರ್-1 ಇರುತ್ತಲ್ಲ ಸರ್, ಎಲ್ಲ ಪಾರ್ಟಿಗಳ ಸೇಲ್ಸ್ ಬಿಲ್ ಚೆಕ್ ಮಾಡ್ತಿರ್ತೀನಿ."

"ಎಷ್ಟು ಪಾರ್ಟಿ?"

"ನನ್ನ ಕೈಯಲ್ಲಿ ಮೂವತ್ತು ಇದಾರೆ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಮೆಡಿಕಲ್ ಏಜೆನ್ಸಿ."

"2ಬಿ ಬಂದಮೇಲೆ?"

"ಎಕ್ಸೆಲ್‌ಗೆ ಇಳಿಸ್ಕೊಂಡು ಟ್ಯಾಲಿ ಪರ್ಚೇಸ್ ಜೊತೆ ವಿಲುಕಪ್ ಹಾಕ್ತೀನಿ. ಬರದೇ ಇರೋ ಬಿಲ್‌ದು ಲಿಸ್ಟ್ ಮಾಡಿ ಪಾರ್ಟಿಗೆ ಕಳಿಸ್ತೀನಿ."

"ಸಬ್ಮಿಟ್ ಯಾರು ಮಾಡ್ತಾರೆ?"

"ರೆಡಿ ಮಾಡೋದು ನಾನು. ಸರ್ ಒಂದ್ಸಲ ನೋಡ್ತಾರೆ, ಆಮೇಲೆ ಪಾರ್ಟಿ ಹತ್ರ ಓಟಿಪಿ ಇಸ್ಕೊಂಡು ಫೈಲ್ ಮಾಡೋದು ಅವರೇ."

ಕಂಪನಿ ಕೇಳಿದ್ದ ಕೆಲಸವನ್ನೇ ಈಕೆ ಪ್ರತಿ ತಿಂಗಳು ಮಾಡುತ್ತಿದ್ದಾಳೆ; ಅದು "ಜಿಎಸ್‌ಟಿ ಕೆಲಸಗಳು" ಎಂಬ ಎರಡು ಪದದೊಳಗೆ ಮುಚ್ಚಿಹೋಗಿತ್ತು. ಕೊನೆಯ ಉತ್ತರವೂ ಅಷ್ಟೇ ಮುಖ್ಯ. ರೆಸ್ಯೂಮೆಯಲ್ಲಿ "ರಿಟರ್ನ್ ಸಿದ್ಧಪಡಿಸಿದೆ" ಎಂದು ಬರಬೇಕೇ ಹೊರತು "ಸಲ್ಲಿಸಿದೆ" ಎಂದಲ್ಲ. ಈ ವ್ಯತ್ಯಾಸ ಅಕೌಂಟ್ಸ್ ಮ್ಯಾನೇಜರಿಗೆ ತಕ್ಷಣ ಗೊತ್ತಾಗುತ್ತದೆ. ಸರಿಯಾದ ಕ್ರಿಯಾಪದ ಬಳಸಿದವರ ಉಳಿದ ಮಾತನ್ನೂ ಅವರು ನಂಬುತ್ತಾರೆ.

ಮಿಕ್ಕ ಪ್ರಶ್ನೆಗಳಿಂದ ತಿಳಿದದ್ದು: ಬ್ಯಾಂಕ್ ತಾಳೆ ಹತ್ತು ಪಾರ್ಟಿಗಳಿಗೆ ಮಾಡುತ್ತಾಳೆ. ಟಿಡಿಎಸ್‌ನಲ್ಲಿ ಚಲನ್ ಮತ್ತು ತ್ರೈಮಾಸಿಕ ರಿಟರ್ನಿನ ಮಾಹಿತಿ ಒಟ್ಟುಮಾಡುವವರೆಗೆ ಅವಳ ಕೆಲಸ. ಕಚೇರಿಯಲ್ಲಿ ಟ್ಯಾಲಿ ಪ್ರೈಮ್‌ಗೆ ಬಂದು ಬಹಳ ದಿನವಾಗಿದೆ; ರೆಸ್ಯೂಮೆಯಲ್ಲಿ ಇಆರ್‌ಪಿ 9 ಉಳಿದದ್ದು ಕಾಲೇಜಿನಲ್ಲಿ ಮಾಡಿದ ಹಳೆಯ ಪ್ರತಿಯಿಂದ. ಸಪ್ಲೈಯರ್ ಪಾವತಿ ಮಾಡಿಲ್ಲ, ಸಲಹೆಗಾರರ ಕಚೇರಿಯಲ್ಲಿ ಅದು ಇರುವುದೂ ಇಲ್ಲ. ಆದರೆ ಸಪ್ಲೈಯರ್ ಲೆಡ್ಜರ್ ತಾಳೆ ನೋಡಿದ್ದಾಳೆ. ಸ್ಯಾಪ್ ಗೊತ್ತಿಲ್ಲ. 2020ರಿಂದ 2022ರವರೆಗೆ ಬ್ಯಾಂಕ್ ಪರೀಕ್ಷೆಗೆ ಓದುತ್ತಾ, ಸಂಜೆ ಸೋದರಮಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತಿದ್ದಳು.

ಸಾಲು ಹಾಕುವುದು

ಪ್ರತಿ ಸಲಹೆಗೂ ಒಂದೇ ಪ್ರಶ್ನೆ ಕೇಳಿ: ಇದೊಂದನ್ನು ಸರಿಮಾಡದೆ ಕಳಿಸಿದರೆ, ಈ ಕೆಲಸಕ್ಕೆ ಕರೆಯಬೇಕೋ ಬೇಡವೋ ಎಂಬ ತೀರ್ಮಾನ ಬದಲಾಗುತ್ತದೆಯೇ? ಬದಲಾಗುತ್ತದೆ ಎಂದರೆ ಮೇಲೆ. ಓದುಗರಿಗೆ ಗೊಂದಲ ಮಾತ್ರ ಆಗುತ್ತದೆ ಎಂದರೆ ನಡುವೆ. ನೋಡಲು ಚೆನ್ನಾಗಿಲ್ಲ ಅಷ್ಟೇ ಎಂದರೆ ಕೆಳಗೆ. ಎರಡು ಸಲಹೆ ಸಮಸಮ ಬಂದಾಗ ಮಾತ್ರ ಯಾವುದಕ್ಕೆ ಕಡಿಮೆ ಶ್ರಮವೋ ಅದನ್ನು ಮುಂದೆ ತನ್ನಿ. ಶ್ರಮವನ್ನು ಮೊದಲ ಅಳತೆ ಮಾಡಿಕೊಂಡರೆ ಮತ್ತೆ ಫಾಂಟು, ಫೋಟೊಗಳೇ ಗೆಲ್ಲುತ್ತವೆ.

ಸಾಲಿಗೆ ಸೇರದ ಎರಡು ಪರೀಕ್ಷೆ ಮಾತ್ರ ಎಲ್ಲಕ್ಕಿಂತ ಮುಂಚೆ ಮುಗಿಯಬೇಕು. ಒಂದು, ಫೋನ್ ನಂಬರು ಮತ್ತು ಇಮೇಲ್ ಸರಿ ಇದೆಯೇ; ಆ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ. ಇನ್ನೊಂದು, ಪಿಡಿಎಫ್‌ನ ಅಕ್ಷರವನ್ನೆಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಅರ್ಜಿ ವಿಂಗಡಿಸುವ ಸಾಫ್ಟ್‌ವೇರ್ ಓದುವುದೂ ಹೀಗೆ ಹೊರಬರುವ ಅಕ್ಷರವನ್ನೇ. ಏನೂ ಸೆಲೆಕ್ಟ್ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅನುಭವದ ಸಾಲುಗಳು ಒಂದರೊಳಗೊಂದು ಕಲೆಸಿಕೊಂಡು ಬಂದರೆ ಎರಡು ಕಾಲಂ ವಿನ್ಯಾಸದ ಕಾಟ. ಹಾಗಿದ್ದರೆ ಅದೇ ಮೊದಲ ಸಲಹೆ, ಮಿಕ್ಕಿದ್ದೆಲ್ಲ ಆಮೇಲೆ. ನಮ್ಮ ಉದಾಹರಣೆಯಲ್ಲಿ ಅಂಕಗಳ ಟೇಬಲ್ ಮಾತ್ರ ಚೂರು ಚದುರಿತು, ಅನುಭವದ ಭಾಗ ನೆಟ್ಟಗೆ ಬಂತು. ಹಾಗಾಗಿ ಟೇಬಲ್ ವಿಚಾರ ಕೆಳಗೆ ಹೋಗಲಿ.

ಈಗ ಸಾಲು.

1. 2ಬಿ ತಾಳೆ ಮತ್ತು ರಿಟರ್ನ್ ಕೆಲಸವನ್ನು ಬಿಡಿಸಿ ಬರೆಯುವುದು. ಜಾಹೀರಾತಿನ ಅತಿ ಗಟ್ಟಿ ಬೇಡಿಕೆ ಇದು, ಅನುಭವವೂ ಇದೆ, ರೆಸ್ಯೂಮೆಯಲ್ಲಿ ಮಾತ್ರ ಕಾಣುವುದಿಲ್ಲ. ರೆಸ್ಯೂಮೆ ಇಂಗ್ಲಿಷಿನಲ್ಲಿರುತ್ತದೆ, ಸಾಲಿನ ತಿರುಳು ಹೀಗಿರಲಿ: "ಅಕ್ಕಿ ಗಿರಣಿ, ಬಟ್ಟೆ, ಔಷಧ ವ್ಯಾಪಾರದ ಸುಮಾರು 30 ಗ್ರಾಹಕರಿಗೆ ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು 3ಬಿ ಸಿದ್ಧಪಡಿಸುವುದು, ಟ್ಯಾಲಿಯ ಖರೀದಿ ಲೆಕ್ಕವನ್ನು 2ಬಿಯೊಂದಿಗೆ ಎಕ್ಸೆಲ್‌ನಲ್ಲಿ ತಾಳೆ ಹಾಕಿ, ಬಾರದ ಬಿಲ್ಲುಗಳ ಪಟ್ಟಿ ಮಾಡಿ ಕಳಿಸುವುದು." ಗ್ರಾಹಕರ ಹೆಸರು ಬೇಡ, ವ್ಯಾಪಾರದ ಬಗೆ ಸಾಕು, ಕಚೇರಿಯ ಗುಟ್ಟು ಹೊರಹಾಕುವವರನ್ನು ಅಕೌಂಟ್ಸ್ ವಿಭಾಗದಲ್ಲಿ ಯಾರೂ ಬಯಸುವುದಿಲ್ಲ.

2. ಬ್ಯಾಂಕ್ ತಾಳೆ, ಟಿಡಿಎಸ್, ಸಪ್ಲೈಯರ್ ಲೆಡ್ಜರ್ ಸೇರಿಸುವುದು. ಮೂರೂ ಮಾಡಿದ ಕೆಲಸಗಳೇ, ಒಂದೂ ಬರೆದಿಲ್ಲ. ಒಂದೊಂದಕ್ಕೆ ಒಂದು ಸಾಲು, ಎಲ್ಲಿಯವರೆಗೆ ಮಾಡಿದ್ದು ಎಂಬ ಮಿತಿಯ ಸಮೇತ. ಲೆಡ್ಜರ್ ತಾಳೆಯನ್ನು "ಪಾವತಿ ನಿರ್ವಹಣೆ" ಎಂದು ಉಬ್ಬಿಸುವುದು ಬೇಡ.

3. ಅನುಭವವನ್ನು ಮೇಲಕ್ಕೆ ತಂದು, ಆಬ್ಜೆಕ್ಟಿವ್ ತೆಗೆಯುವುದು. ಆ ಜಾಗದಲ್ಲಿ ಎರಡು ಸಾಲು: ಎಷ್ಟು ವರ್ಷದ ಅನುಭವ, ಯಾವ ಕೆಲಸದಲ್ಲಿ, ಯಾವ ಸಾಫ್ಟ್‌ವೇರಿನಲ್ಲಿ, ಯಾವಾಗ ಸೇರಬಹುದು. ಶಿಕ್ಷಣ ಕೆಳಗೆ ಹೋಗಲಿ, ಬಿ.ಕಾಂ ಒಂದು ಸಾಲಿನಲ್ಲಿ.

4. ಟ್ಯಾಲಿ ಪ್ರೈಮ್ ಎಂದು ತಿದ್ದಿ, "ಎಂಎಸ್ ಆಫೀಸ್" ಬದಲು ವಿಲುಕಪ್, ಪಿವೋಟ್ ಎಂದು ಬರೆಯುವುದು. ಪಿವೋಟ್ ನಿಜವಾಗಿ ಬರುತ್ತದೆಯೇ ಎಂದು ಕೇಳಿ ಆಮೇಲೆ.

5. 2020–22ರ ಖಾಲಿ ಜಾಗಕ್ಕೆ ಒಂದು ಸಾಲು. "ಹಾರ್ಡ್‌ವೇರ್ ಅಂಗಡಿಯ ಲೆಕ್ಕ, ಅರೆಕಾಲಿಕ" ಎಂದರೆ ಸಾಕು. ಪರೀಕ್ಷೆಗೆ ಓದಿದ್ದನ್ನು ಕೇಳಿದರೆ ಹೇಳಲಿ.

6. ಫೋಟೊ, ಧರ್ಮ, ತಂದೆಯ ಹೆಸರು, ವೈವಾಹಿಕ ಸ್ಥಿತಿ, ಘೋಷಣೆ, ಅಂಕಗಳ ಟೇಬಲ್ ತೆಗೆದು ಒಂದೇ ಪುಟಕ್ಕೆ ಇಳಿಸುವುದು. ವಿಳಾಸದಲ್ಲಿ ಊರಿನ ಹೆಸರಷ್ಟೇ ಇರಲಿ.

ಸ್ಪೆಲ್ಲಿಂಗ್ ತಪ್ಪುಗಳನ್ನು ಸಾಲಿನಲ್ಲಿ ಸೇರಿಸಬೇಡಿ, ಫೈಲಿನಲ್ಲೇ ಗುರುತು ಮಾಡಿ ಕೊಟ್ಟುಬಿಡಿ. ಒಂದು ವಿನಾಯಿತಿ: ತಪ್ಪು ಕಸುಬಿನ ಪದದಲ್ಲೇ ಇದ್ದರೆ ಅದು ಮೇಲೇರುತ್ತದೆ. ಹವ್ಯಾಸದ ಸಾಲಿನ ತಪ್ಪನ್ನು ಓದುಗರು ಕ್ಷಮಿಸಬಹುದು. "ತಾಳೆ" ಎಂಬರ್ಥದ ಇಂಗ್ಲಿಷ್ ಪದವನ್ನೇ ತಪ್ಪಾಗಿ ಬರೆದರೆ ಆ ಕೆಲಸ ಮಾಡಿದ್ದಾರೆಂದು ನಂಬುವುದು ಕಷ್ಟ. ಜೊತೆಗೆ, ಸಾಫ್ಟ್‌ವೇರಿನಲ್ಲಿ ಆ ಪದ ಹುಡುಕಿದಾಗ ಈ ರೆಸ್ಯೂಮೆ ಸಿಗುವುದೂ ಇಲ್ಲ.

ಮೂರನೆಯದನ್ನು ಮೊದಲು ಮಾಡಬಾರದೇ ಎಂದು ಕೇಳಬಹುದು. ಮೊದಲು ಕಣ್ಣಿಗೆ ಬೀಳುವುದು ಮೇಲ್ಭಾಗವೇ ತಾನೆ? ಆದರೆ ಈಗಿನ ಎರಡು ಸಾಲಿನ ಅನುಭವವನ್ನು ಹಾಗೇ ಎತ್ತಿ ಮೇಲಿಟ್ಟರೆ, ಹೇಳಿಕೊಳ್ಳಲು ಏನೂ ಇಲ್ಲ ಎಂಬುದು ಇನ್ನೂ ಬೇಗ ಗೊತ್ತಾಗುತ್ತದೆ ಅಷ್ಟೇ. ಮೊದಲು ಸರಕು ತುಂಬಬೇಕು, ಆಮೇಲೆ ಅದನ್ನು ಅಂಗಡಿಯ ಮುಂದೆ ಜೋಡಿಸಬೇಕು. ಅದೇ ಅನುಭವದ ಭಾಗ ಈಗಾಗಲೇ ಚೆನ್ನಾಗಿದ್ದು ಎರಡನೇ ಪುಟದಲ್ಲಿ ಅಡಗಿದ್ದರೆ, ಮೇಲಕ್ಕೆ ತರುವುದೇ ಒಂದನೇ ಸಲಹೆ ಆಗುತ್ತಿತ್ತು.

ಪಟ್ಟಿಯಲ್ಲಿ ಸ್ಯಾಪ್ ಇಲ್ಲ ಎಂಬುದನ್ನು ಗಮನಿಸಿರಬಹುದು. ಅದು ಇಲ್ಲದ ಕೌಶಲ, ಜೊತೆಗೆ ಸಡಿಲ ಬೇಡಿಕೆ. "ಸ್ಯಾಪ್ ಪರಿಚಯವಿದೆ" ಎಂದು ಬರೆಯಲು ಹೇಳುವವರು ಸಿಗುತ್ತಾರೆ. ಯಾವ ಸ್ಕ್ರೀನಿನಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲದ ಪರಿಚಯ ಅದು. ಕಡ್ಡಾಯ ಬೇಡಿಕೆಗಳಲ್ಲೇ ಅರ್ಧಕ್ಕರ್ಧ "ನಿಜಕ್ಕೂ ಇಲ್ಲ" ಎಂದು ಬಂದರೆ, ರೆಸ್ಯೂಮೆ ತಿದ್ದುವ ಬದಲು ಬೇರೆ ಜಾಹೀರಾತು ನೋಡಿ ಎನ್ನುವುದೇ ಪ್ರಾಮಾಣಿಕ ಸಲಹೆ.

ಕೆಲಸ ಬದಲಾದರೆ ಸಾಲೂ ಬದಲಾಗುತ್ತದೆ. ಇದೇ ಯುವತಿ ಬೆಂಗಳೂರಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕಚೇರಿಗೆ ಅರ್ಜಿ ಹಾಕುವುದಾದರೆ, ಮೂವತ್ತು ಪಾರ್ಟಿಗಳನ್ನು ಒಟ್ಟಿಗೆ ತಾರೀಕು ತಪ್ಪದೆ ನಿಭಾಯಿಸಿದ್ದೇ ತಲೆಸಾಲು. ಸಪ್ಲೈಯರ್ ಲೆಡ್ಜರ್ ಕೆಳಗಿಳಿಯುತ್ತದೆ. ಸರ್ಕಾರಿ ಹುದ್ದೆಗಾದರೆ ಈ ಲೇಖನವನ್ನೇ ಪಕ್ಕಕ್ಕಿಡಿ: ಅಲ್ಲಿ ಅವರದೇ ಅರ್ಜಿ ನಮೂನೆ ಇರುತ್ತದೆ, ತಂದೆಯ ಹೆಸರು, ಫೋಟೊ, ಘೋಷಣೆ ಎಲ್ಲ ಕೇಳಿದಂತೆ ಕೊಡಲೇಬೇಕು.

ಸಲಹೆ ಕೊಡುವ ರೀತಿ

ಮೇಲಿನ ಮೂರನ್ನು ಮಾತ್ರ ವಿವರವಾಗಿ ಬರೆಯಿರಿ: ಎಲ್ಲಿದೆ, ಏನು ಕೊರತೆ, ಈ ಕೆಲಸಕ್ಕೆ ಅದು ಯಾಕೆ ಮುಖ್ಯ, ತಿದ್ದಿದರೆ ಹೇಗಿರಬಹುದು. ಉಳಿದದ್ದಕ್ಕೆ ತಲಾ ಒಂದು ಸಾಲು. "ಅನುಭವದ ಭಾಗ ಇನ್ನೂ ಪರಿಣಾಮಕಾರಿಯಾಗಿರಲಿ" ಎಂಬಂಥ ಸಲಹೆ ಓದಿದವರು ನಾಳೆ ಬೆಳಗ್ಗೆ ಏನು ಟೈಪ್ ಮಾಡಬೇಕು ಎಂದು ತಿಳಿಯದೆ ಕೂರುತ್ತಾರೆ. ಬಣ್ಣ, ಫಾಂಟುಗಳ ಬಗ್ಗೆ ಹೇಳಲೇಬೇಕೆನಿಸಿದರೆ "ಇದು ನನ್ನ ಇಷ್ಟ, ಬಿಟ್ಟರೂ ನಡೆಯುತ್ತದೆ" ಎಂದು ಸೇರಿಸಿ.

ಪೂರ್ತಿ ರೆಸ್ಯೂಮೆಯನ್ನು ನೀವೇ ಬರೆದುಕೊಡುವ ಆಸೆಯನ್ನು ತಡೆದುಕೊಳ್ಳಿ. ಮಾದರಿಗೆ ಒಂದು ಸಾಲು ಕೊಟ್ಟು, ಉಳಿದದ್ದನ್ನು ಅವರೇ ಬರೆಯಲಿ. ನಿಮ್ಮ ಇಂಗ್ಲಿಷಿನಲ್ಲಿ ಮಿಂಚುವ ವಾಕ್ಯವನ್ನು ಇಂಟರ್‌ವ್ಯೂನಲ್ಲಿ ಅವರ ಬಾಯಿಂದ ವಿವರಿಸಲು ಆಗದಿದ್ದರೆ ಅದು ಅವರಿಗೇ ತಿರುಗುಬಾಣ. ಅವರು ಬರೆದ ಪ್ರತಿ ಸಾಲನ್ನೂ ಫೋನಿನಲ್ಲಿ ಕನ್ನಡದಲ್ಲೇ ವಿವರಿಸಲು ಹೇಳಿ. ತಡವರಿಸಿದ ಸಾಲನ್ನು ಸರಳ ಮಾಡಿ ಅಥವಾ ತೆಗೆಯಿರಿ.

ತಿದ್ದಿದ ಪ್ರತಿ ಬಂದ ಮೇಲೆ ನೀವೇ ಮತ್ತೆ ಓದಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಅವರ ಕಥೆ ಈಗ ನಿಮಗೆ ಗೊತ್ತು. ಕಾಗದದಲ್ಲಿ ಇಲ್ಲದ್ದನ್ನೂ ಓದಿಕೊಳ್ಳುತ್ತೀರಿ. ಅವರನ್ನು ಅರಿಯದ ಮೂರನೆಯವರಿಗೆ ತೋರಿಸಿ, ಅವರು ಒಮ್ಮೆ ಓದಿ ಫೋನ್ ಕೆಳಗಿಟ್ಟ ಮೇಲೆ ಅದೇ ಪ್ರಶ್ನೆ ಕೇಳಿ: ಇವರು ಏನು ಕೆಲಸ ಮಾಡಿದವರು? "ಮೂವತ್ತು ಪಾರ್ಟಿಗಳ ಜಿಎಸ್‌ಟಿ, 2ಬಿ ತಾಳೆ ನೋಡಿದವರು" ಎಂದರೆ ಕಳಿಸಬಹುದು. "ಬಿ.ಕಾಂ, ಟ್ಯಾಲಿ" ಎಂದೇ ಉತ್ತರ ಬಂದರೆ ಒಂದನೇ ಸಲಹೆ ಇನ್ನೂ ಬಾಕಿ ಇದೆ, ಆರನೆಯದರವರೆಗೆ ಎಲ್ಲ ಮುಗಿದಿದ್ದರೂ ಅರ್ಜಿಯನ್ನು ಅವತ್ತು ತಡೆಹಿಡಿಯಿರಿ.